ಉಪ್ಪು-ಮೆಣಸಿನ ಕಳಂಕವೂ ಓಲೆಯ ಸೊನ್ನೆಯೂ: ಒಂದು ಪ್ರಯೋಗವರದಿಯ ಉಪಸಂಹಾರವನ್ನು ಕುರಿತು

ಹಸ್ತಪ್ರತಿಗಳನ್ನು ಕುಳಿತು ನಕಲು ಮಾಡಿಕೊಳ್ಳುವ ಕಾಲ ಬಹುಮಟ್ಟಿಗೆ ಕಳೆದು, ಓಲೆಗರಿಗಳ ಅಂಕೀಯ ಛಾಯಾಪ್ರತಿಗಳನ್ನು ಗಣಕಯಂತ್ರದ ತೆರೆಯ ಮೇಲೆ ಓದಿ ಪಾಠನಿರ್ಣಯ ಮಾಡುವ ಕಾಲ ಬಂದಿದೆ. ಛಾಯಾಪ್ರತಿ ನಮ್ಮ ಕೈಸೇರುವ ಮೊದಲು ಅದನ್ನು 'ಶುಚಿಗೊಳಿಸುವ' ಕಾರ್ಯ ಬೇರೆಡೆ ನಡೆದಿರುತ್ತದೆ. ಆ ಕಾರ್ಯಕ್ಕೆ ಆಧಾರವಾಗಿ ಉದಾಹರಿಸಲ್ಪಡುವ ಪ್ರಯೋಗವರದಿಗಳ ಕೊನೆಯಲ್ಲಿ ಪ್ರಾಯಶಃ ಒಂದೇ ಉಪಸಂಹಾರವಾಕ್ಯ ಕಾಣುತ್ತದೆ: 'ಉಪ್ಪು-ಮೆಣಸಿನ ಕಳಂಕವನ್ನು ನಿವಾರಿಸುವಲ್ಲಿ ಮಧ್ಯಾಂಕ ಶೋಧಕವು ಗೌಸಿಯನ್ ಶೋಧಕಕ್ಕಿಂತ ಉತ್ತಮವಾದುದು.' ಈ ವಾಕ್ಯವು ಸತ್ಯವೇ ಆಗಿದೆ. ಆದರೆ ಅದು ಯಾವ ನಯದಿಂದ ಸತ್ಯ, ಎಲ್ಲಿಯವರೆಗೆ ಸತ್ಯ ಎಂಬುದನ್ನು ತಿಳಿಯದೆ ಸ್ವೀಕರಿಸಿದಲ್ಲಿ, ಲಿಪಿಕಾರನು ಬರೆದ ಒಂದು ಸೊನ್ನೆ ನಮಗೆ ಗೋಚರವಾಗದೆಯೇ ಅಳಿದುಹೋಗಬಹುದು. ಈ ಸಂಗತಿಯನ್ನು ಗ್ರಂಥಸಂಪಾದಕರ ದೃಷ್ಟಿಯಿಂದ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಕಳಂಕದ ಸ್ವರೂಪ

ಅಂಕೀಯ ಛಾಯಾಪ್ರತಿಯೆಂಬುದು ಚದುರಂಗದ ಹಲಗೆಯಂತೆ ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಅಸಂಖ್ಯ ಮನೆಗಳ ಸಮುದಾಯ. ಇವುಗಳಿಗೆ ಪಿಕ್ಸೆಲ್ ಎಂಬ ಹೆಸರು ರೂಢಿಯಲ್ಲಿದೆ. ಇಲ್ಲಿ ಚಿತ್ರಬಿಂದು ಎಂದು ಕರೆಯೋಣ. ಕಪ್ಪುಬಿಳುಪಿನ ಚಿತ್ರದಲ್ಲಿ ಪ್ರತಿಯೊಂದು ಚಿತ್ರಬಿಂದುವಿಗೂ 0ಯಿಂದ 255ರ ವರೆಗಿನ ಒಂದು ಬೆಲೆ ಇರುತ್ತದೆ. 0 ಎಂದರೆ ಶುದ್ಧ ಕಪ್ಪು, 255 ಎಂದರೆ ಶುದ್ಧ ಬಿಳುಪು. ನಮ್ಮ ಲೆಕ್ಕಕ್ಕಾಗಿ ಓಲೆಯ ಮೈಬಣ್ಣಕ್ಕೆ 180ರ ಆಸುಪಾಸಿನ ಬೆಲೆಯನ್ನೂ, ಕಂಟದಿಂದ ಕೊರೆದು ಮಸಿ ತುಂಬಿದ ಗೀರಿಗೆ 40ರ ಬೆಲೆಯನ್ನೂ ಇಟ್ಟುಕೊಳ್ಳೋಣ.

ಛಾಯಾಗ್ರಾಹಕದ ಕೆಲವು ಕಣಗಳು ಕೆಟ್ಟಿದ್ದರೆ, ಅಥವಾ ಚಿತ್ರವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಕಳುಹಿಸುವಾಗ ಅಂಕಗಳು ತಪ್ಪಿದರೆ, ಅಲ್ಲೊಂದು ಇಲ್ಲೊಂದು ಚಿತ್ರಬಿಂದು ತನ್ನ ನಿಜವಾದ ಬೆಲೆಯನ್ನು ಪೂರ್ತಿಯಾಗಿ ಕಳೆದುಕೊಂಡು 0 ಅಥವಾ 255 ಆಗಿಬಿಡುತ್ತದೆ. ಎಲೆಯ ಮೇಲೆ ಉಪ್ಪನ್ನೂ ಮೆಣಸಿನ ಪುಡಿಯನ್ನೂ ಚಿಮುಕಿಸಿದಂತೆ ತೋರುವುದರಿಂದ ಇದಕ್ಕೆ ಈ ಹೆಸರು. ಇದರ ಲಕ್ಷಣ ಎರಡು. ಮೊದಲನೆಯದಾಗಿ, ಕೆಟ್ಟ ಬಿಂದುವಿನಲ್ಲಿ ಮೂಲದ ಯಾವ ಅಂಶವೂ ಉಳಿದಿರುವುದಿಲ್ಲ. ಎರಡನೆಯದಾಗಿ, ಕೆಡದ ಬಿಂದುಗಳು ಸಂಪೂರ್ಣವಾಗಿ ಶುದ್ಧವಾಗಿರುತ್ತವೆ. ಮುಂದಿನ ವಿಚಾರವೆಲ್ಲ ಈ ಎರಡು ಲಕ್ಷಣಗಳನ್ನೇ ಆಶ್ರಯಿಸಿದೆ.

2. ಎರಡು ಶೋಧಕಗಳ ಕಾರ್ಯ

ಎರಡು ಶೋಧಕಗಳೂ ಒಂದೊಂದು ಚಿತ್ರಬಿಂದುವನ್ನು ಅದರ ನೆರೆಯವರೊಡನೆ ಪರೀಕ್ಷಿಸುತ್ತವೆ. ಮೂರು ಸಾಲು, ಮೂರು ಕಂಬಗಳ ಒಂಬತ್ತು ಮನೆಗಳ ಕಿಂಡಿಯನ್ನು ತೆಗೆದುಕೊಳ್ಳೋಣ. ಓಲೆಯ ಖಾಲಿ ಜಾಗದಲ್ಲಿ ಒಂದು ಮೆಣಸಿನ ಚುಕ್ಕೆ ನಡುವೆ ಬಿದ್ದಿದೆ:

```
182  179  181
178    0  180
183  181  179
```

ಗೌಸಿಯನ್ ಶೋಧಕವು ಜರ್ಮನಿಯ ಗಣಿತಜ್ಞ ಗೌಸನ (1777–1855) ಹೆಸರಿನ ಘಂಟಾಕಾರದ ವಕ್ರರೇಖೆಯನ್ನು ಅನುಸರಿಸಿ ತೂಕಗಳನ್ನು ಹಂಚುತ್ತದೆ. ಒಟ್ಟು ಹದಿನಾರು ಪಾಲುಗಳಲ್ಲಿ ನಡುಮನೆಗೆ ನಾಲ್ಕು, ನಾಲ್ಕು ಪಕ್ಕದ ಮನೆಗಳಿಗೆ ಎರಡೆರಡು, ನಾಲ್ಕು ಮೂಲೆಗಳಿಗೆ ಒಂದೊಂದು. ಮೇಲಿನ ಬೆಲೆಗಳನ್ನು ಆಯಾ ತೂಕಗಳಿಂದ ಗುಣಿಸಿ ಕೂಡಿದರೆ 2161 ಬರುತ್ತದೆ. ಹದಿನಾರರಿಂದ ಭಾಗಿಸಿದರೆ 135. ಅಂದರೆ ಕಪ್ಪುಚುಕ್ಕೆ ಬೂದುಚುಕ್ಕೆಯಾಯಿತೇ ಹೊರತು ಹೋಗಲಿಲ್ಲ. ಇಷ್ಟೇ ಅಲ್ಲ, ಕಿಂಡಿ ಪಕ್ಕದ ಮನೆಗೆ ಸರಿದಾಗ ಆ ಮನೆಯೂ ಚುಕ್ಕೆಯ ಎರಡು ಪಾಲನ್ನು ಪಡೆದು ಸುಮಾರು 157ಕ್ಕೆ ಇಳಿಯುತ್ತದೆ, ಮೂಲೆಯ ಮನೆಗಳು ಸುಮಾರು 169ಕ್ಕೆ ಇಳಿಯುತ್ತವೆ. ಒಂದು ಮನೆಯ ಕಳಂಕ ಒಂಬತ್ತು ಮನೆಗಳಿಗೆ ಹಂಚಿಹೋಯಿತು. ಕೂಡಿಸಿ ನೋಡಿದರೆ ಕಳಂಕದ ಮೊತ್ತ ಮೊದಲಿದ್ದಷ್ಟೇ ಇದೆ. ಗೌಸಿಯನ್ ಶೋಧಕವು ಉಪ್ಪು-ಮೆಣಸಿನ ಕಳಂಕವನ್ನು ನಿವಾರಿಸುವುದಿಲ್ಲ, ಪಸರಿಸುತ್ತದೆ ಎಂಬುದಕ್ಕೆ ಇದೇ ಪ್ರಮಾಣ.

ಮಧ್ಯಾಂಕ ಶೋಧಕದ ಕ್ರಮ ಬೇರೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಈ ವಿಧಾನದಲ್ಲಿ ಕೂಡುವಿಕೆಯೂ ಇಲ್ಲ, ಭಾಗಾಕಾರವೂ ಇಲ್ಲ. ಒಂಬತ್ತು ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಬೇಕು: 0, 178, 179, 179, 180, 181, 181, 182, 183. ನಡುವಿನ, ಅಂದರೆ ಐದನೆಯ ಬೆಲೆ 180. ಅದನ್ನೇ ನಡುಮನೆಗೆ ಬರೆಯಬೇಕು. ಕಳಂಕದ ಬೆಲೆ ಯಾವಾಗಲೂ ಸಾಲಿನ ಒಂದು ತುದಿಗೆ ಹೋಗಿ ನಿಲ್ಲುವುದರಿಂದ ಅದು ಆಯ್ಕೆಗೆ ಬರುವುದೇ ಇಲ್ಲ.

ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಗೌಸಿಯನ್ ಶೋಧಕವು ಹಲವು ಪ್ರತಿಗಳ ಪಾಠಗಳನ್ನು ಬೆರೆಸಿ ಯಾವ ಪ್ರತಿಯಲ್ಲಿಯೂ ಇಲ್ಲದ ಸಂಕರಪಾಠವೊಂದನ್ನು ಕಲ್ಪಿಸುವ ಸಂಪಾದಕನಂತೆ. ಮಧ್ಯಾಂಕ ಶೋಧಕವು ಇರುವ ಪಾಠಗಳಲ್ಲಿಯೇ ಒಂದನ್ನು ಆರಿಸಿಕೊಳ್ಳುವ ಸಂಪಾದಕನಂತೆ. ಮೇಲಿನ ಉದಾಹರಣೆಯ 135 ಎಂಬ ಬೆಲೆ ಒಂಬತ್ತು ಮನೆಗಳಲ್ಲಿ ಎಲ್ಲಿಯೂ ಇಲ್ಲ, 180 ಇದೆ.

ಅಕ್ಷರದ ಅಂಚಿನಲ್ಲಿಯೂ ಇದೇ ಭೇದ. ಎಡಕ್ಕೆ 40ರ ಮಸಿ, ಬಲಕ್ಕೆ 180ರ ಓಲೆ ನೇರವಾಗಿ ಸಂಧಿಸುವಲ್ಲಿ ಗೌಸಿಯನ್ ಶೋಧಕವು 40, 75, 145, 180 ಎಂದು ಮೆಟ್ಟಿಲುಗಳನ್ನು ಕಟ್ಟಿ ಅಂಚನ್ನು ಮಸುಕುಮಾಡುತ್ತದೆ. ಮಧ್ಯಾಂಕ ಶೋಧಕವು 40 ಮತ್ತು 180ರ ಸಂಧಿಯನ್ನು ಇದ್ದಂತೆಯೇ ಬಿಡುತ್ತದೆ. ದಪ್ಪ ಗೀರಿನ ಅಕ್ಷರಗಳ ಮಟ್ಟಿಗೆ ಉಪಸಂಹಾರವಾಕ್ಯವು ನಿಸ್ಸಂದೇಹವಾಗಿ ಸಾಧುವಾದುದು.

3. ಬಹುಮತದ ಮಿತಿ

ಆರಿಸುವ ಸಂಪಾದಕನಿಗೂ ಒಂದು ದೌರ್ಬಲ್ಯವುಂಟು. ಒಂಬತ್ತರಲ್ಲಿ ಐದು ಮನೆಗಳು ಒಂದೇ ಬಗೆಯಾಗಿ ಕೆಟ್ಟರೆ ಮಧ್ಯಾಂಕವೇ ಕೆಡುತ್ತದೆ. ಇದು ಎಷ್ಟು ಸಲ ಸಂಭವಿಸುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಉಪ್ಪೂ ಮೆಣಸೂ ಸಮಪಾಲಿನಲ್ಲಿದ್ದು, ಶೇಕಡಾ 10 ಬಿಂದುಗಳು ಕೆಟ್ಟಿದ್ದಲ್ಲಿ, ಹತ್ತು ಲಕ್ಷ ಬಿಂದುಗಳ ಚಿತ್ರದಲ್ಲಿ ಶೋಧನೆಯ ನಂತರ ಸುಮಾರು 66 ಕಳಂಕಗಳು ಮಾತ್ರ ಉಳಿಯುತ್ತವೆ. ಶೇಕಡಾ 20 ಕೆಟ್ಟಿದ್ದರೆ ಸುಮಾರು 1,780 ಉಳಿಯುತ್ತವೆ. ಶೇಕಡಾ 50 ಕೆಟ್ಟಿದ್ದರೆ ಉಳಿಯುವ ಕಳಂಕಗಳು ಸುಮಾರು 98,000! ಆದುದರಿಂದ ಮೂರು ಮನೆಯ ಕಿಂಡಿಯ ಮಧ್ಯಾಂಕ ಶೋಧಕವು ಶೇಕಡಾ 20ರ ಒಳಗಿನ ಕಳಂಕಕ್ಕೆ ಮಾತ್ರ ಯೋಗ್ಯವೆಂದು ಭಾವಿಸುವುದು ಉಚಿತ. ಕಳಂಕ ಹೆಚ್ಚಾದಾಗ ಐದು ಸಾಲು, ಐದು ಕಂಬಗಳ ದೊಡ್ಡ ಕಿಂಡಿಯನ್ನು ಬಳಸುವುದು ಸಾಮಾನ್ಯ. ನಮ್ಮ ನಿಜವಾದ ಭಯ ಅಲ್ಲಿಂದಲೇ ಬಲಗೊಳ್ಳುತ್ತದೆ.

4. ಸೊನ್ನೆಯ ಗತಿ

ಬಹುಮತದ ನಿಯಮವು ಕಳಂಕವನ್ನು ಕಳಂಕವೆಂದು ಅರಿತು ತೆಗೆಯುವುದಿಲ್ಲ, ಅಲ್ಪಸಂಖ್ಯಾತವಾದುದೆಲ್ಲವನ್ನೂ ತೆಗೆಯುತ್ತದೆ. ಒಂದು ಚಿತ್ರಬಿಂದುವಿನಷ್ಟು ದಪ್ಪದ ಗೀರು ಮೂರು ಮನೆಯ ಕಿಂಡಿಯಲ್ಲಿ ಒಂಬತ್ತರಲ್ಲಿ ಮೂರು ಮನೆಗಳನ್ನು ಮಾತ್ರ ಆಕ್ರಮಿಸುತ್ತದೆ. ಆರು ಮನೆಗಳು ಓಲೆಯವು. ಆದುದರಿಂದ ಗೀರು ಅಳಿಯುತ್ತದೆ. ಎರಡು ಬಿಂದು ದಪ್ಪವಿದ್ದರೆ ಆರು ಮನೆ ಗೀರಿನವು, ಗೀರು ಉಳಿಯುತ್ತದೆ. ಎರಡಕ್ಕೆರಡು ಬಿಂದುಗಳ ಚುಕ್ಕೆಯು ಎಂದಿಗೂ ನಾಲ್ಕು ಮನೆಗಿಂತ ಹೆಚ್ಚನ್ನು ಪಡೆಯಲಾರದಾದ ಕಾರಣ ಪೂರ್ತಿಯಾಗಿ ಅಳಿಯುತ್ತದೆ. ಐದು ಮನೆಯ ಕಿಂಡಿಯಲ್ಲಿಯಾದರೋ ಎರಡು ಬಿಂದು ದಪ್ಪದ ಗೀರೂ, ಮೂರಕ್ಕೆ ಮೂರರ ಚುಕ್ಕೆಯೂ ಉಳಿಯುವುದಿಲ್ಲ. ಗೀರಿನ ದಪ್ಪವು ಕಿಂಡಿಯ ಅಗಲದ ಅರ್ಧಕ್ಕಿಂತ ಹೆಚ್ಚಾಗಿರಲೇಬೇಕೆಂಬುದು ಸೂತ್ರ.

ಈಗ ಸೊನ್ನೆಯನ್ನು ಪರೀಕ್ಷಿಸೋಣ. ಐದು ಬಿಂದು ಅಗಲದ, ಒಂದು ಬಿಂದು ದಪ್ಪದ ಗೀರಿನ, ಮೂಲೆಗಳಿಲ್ಲದ ದುಂಡು ಸೊನ್ನೆ ಇದು. ಮಸಿಯ ಮನೆಗಳು ಹನ್ನೆರಡು:

```
.  #  #  #  .
#  .  .  .  #
#  .  .  .  #
#  .  .  .  #
.  #  #  #  .
```

ಯಾವ ಮನೆಯನ್ನು ನಡುವಿಟ್ಟು ಎಣಿಸಿದರೂ ಮಸಿಯ ಮನೆಗಳು ನಾಲ್ಕಕ್ಕೆ ಮೀರುವುದಿಲ್ಲ. ಓದುಗರು ಕಾಗದದ ಮೇಲೆ ಎಣಿಸಿ ನೋಡಬಹುದು. ಆದುದರಿಂದ ಮಧ್ಯಾಂಕ ಶೋಧಕವನ್ನು ಒಮ್ಮೆ ಹಾಯಿಸಿದರೆ ಈ ಸೊನ್ನೆಯ ಹನ್ನೆರಡು ಮನೆಗಳೂ ಓಲೆಯ ಬಣ್ಣವನ್ನು ತಳೆದು, ಅಲ್ಲಿ ಬರಹವಿತ್ತೆಂಬ ಕುರುಹೂ ಉಳಿಯದಂತಾಗುತ್ತದೆ. ಇದೇ ಸೊನ್ನೆಯ ಮೇಲೆ ಗೌಸಿಯನ್ ಶೋಧಕವನ್ನು ಹಾಯಿಸಿದರೆ ಗೀರಿನ ಬೆಲೆ 40ರಿಂದ 110–119ಕ್ಕೆ ಏರಿ ಮಸುಕಾಗುತ್ತದೆ, ಒಳಗಿನ ನಡುಮನೆ 180 ಆಗಿಯೇ ಇರುತ್ತದೆ. ಸೊನ್ನೆ ಕಳೆಗುಂದಿದರೂ ಓದಲು ಬರುತ್ತದೆ. ಉತ್ತಮವೆನಿಸಿದ ಶೋಧಕ ಅಳಿಸಿದುದನ್ನು ಅಧಮವೆನಿಸಿದ ಶೋಧಕ ಉಳಿಸಿತು.

ಹಳಗನ್ನಡ ಲಿಪಿಯ ಪ್ರಾಕೃತ ಓಲೆಗಳನ್ನು ಓದಿದವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸೊನ್ನೆಯು ಅನುಸ್ವಾರಕ್ಕೆ ಮಾತ್ರವಲ್ಲದೆ ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುವುದಕ್ಕೂ ಬರುತ್ತದೆ. 'ಕಂಮ' ಎಂದು ಬರೆದುದನ್ನು ನಾವು 'ಕಮ್ಮ', ಅಂದರೆ ಕರ್ಮ, ಎಂದು ಓದುತ್ತೇವೆ. ಸೊನ್ನೆ ಅಳಿದರೆ ಉಳಿಯುವುದು 'ಕಮ'. ಅದು ಕ್ರಮಶಬ್ದದ ಪ್ರಾಕೃತರೂಪ. ಕರ್ಮವು ಕ್ರಮವಾಯಿತು. 'ಕಮ' ಎಂಬುದು ಸಾರ್ಥಕವಾದ ಪದವೇ ಆದುದರಿಂದ ಓದುವವನಿಗೆ ಸಂಶಯವೂ ಹುಟ್ಟದು. ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದ ಇರಬೇಕೇ ಬೇಡವೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ನಡೆದ ದೀರ್ಘಚರ್ಚೆಯನ್ನು ಬಲ್ಲವರು, ಓಲೆಯ ಮೇಲಿನ ಒಂದು ಗುರುತಿನ ಇರವು-ಇಲ್ಲದಿರುವಿಕೆ ಎಷ್ಟು ದೂರ ಮುಟ್ಟಬಲ್ಲುದೆಂಬುದನ್ನು ತಾವೇ ಊಹಿಸಬಲ್ಲರು.

ಮೇಲಿನ ಸೊನ್ನೆ ಕಾಲ್ಪನಿಕವೇ ಎಂದರೆ, ಅದು ಚಿತ್ರ ತೆಗೆದ ಸಾಂದ್ರತೆಯನ್ನು ಅವಲಂಬಿಸಿದೆ. ಅಂಗುಲಕ್ಕೆ 100 ಬಿಂದುಗಳಂತೆ ತೆಗೆದ ಚಿತ್ರದಲ್ಲಿ ಒಂದು ಬಿಂದು ಎಂದರೆ ಸುಮಾರು ಕಾಲು ಮಿಲಿಮೀಟರು. ಹಾಗಾಗಿ ಕಾಲು ಮಿಲಿಮೀಟರು ದಪ್ಪದ ಗೀರಿನ, ಒಂದೂಕಾಲು ಮಿಲಿಮೀಟರು ಅಗಲದ ಸೊನ್ನೆ ಸರಿಯಾಗಿ ಮೇಲಿನಂತೆಯೇ ಬರುತ್ತದೆ. ಅದೇ ಓಲೆಯನ್ನು ಅಂಗುಲಕ್ಕೆ 300 ಬಿಂದುಗಳಂತೆ ತೆಗೆದರೆ ಗೀರು ಮೂರು ಬಿಂದು ದಪ್ಪವಾಗಿ, ಸೊನ್ನೆ ಹದಿನೈದು ಬಿಂದು ಅಗಲವಾಗಿ, ಮೂರು ಮನೆಯ ಕಿಂಡಿಯಿಂದ ಅಪಾಯವಿಲ್ಲದೆ ಪಾರಾಗುತ್ತದೆ. ಆದುದರಿಂದ ಸಾಂದ್ರತೆಯನ್ನೂ ಕಿಂಡಿಯ ಅಳತೆಯನ್ನೂ ನಮೂದಿಸದ ಉಪಸಂಹಾರದಿಂದ ಸಂಪಾದಕನಿಗೆ ಪ್ರಯೋಜನವಿಲ್ಲ.

5. ಅಂಕಿಗಳು ಕಾಣದ ನಷ್ಟ

ಪ್ರಯೋಗ ಮಾಡಿದವರು ಈ ನಷ್ಟವನ್ನು ಏಕೆ ಗಮನಿಸಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಅದು ಅವರ ಅಜಾಗರೂಕತೆಯಲ್ಲ, ಅಳತೆಗೋಲಿನ ಸ್ವಭಾವ. ಪ್ರಯೋಗದಲ್ಲಿ ಶುದ್ಧ ಚಿತ್ರವೊಂದಕ್ಕೆ ಕಳಂಕವನ್ನು ತಾವೇ ಸೇರಿಸಿ, ಶೋಧಿಸಿ, ಪ್ರತಿಯೊಂದು ಬಿಂದುವಿನಲ್ಲಿಯೂ ಶುದ್ಧಕ್ಕೂ ಶೋಧಿತಕ್ಕೂ ಇರುವ ಅಂತರವನ್ನು ವರ್ಗಿಸಿ, ಸರಾಸರಿ ತೆಗೆಯುತ್ತಾರೆ. ಈ ದೋಷಾಂಕ ಕಡಿಮೆಯಾದಷ್ಟೂ ಶೋಧಕ ಉತ್ತಮವೆಂದು ಗಣನೆ.

ಎಲ್ಲೆಡೆ 180ರ ಬೆಲೆಯುಳ್ಳ ಖಾಲಿ ಓಲೆಯ ಮೇಲೆ ಶೇಕಡಾ 10 ಕಳಂಕವಿದ್ದರೆ ದೋಷಾಂಕ ಸುಮಾರು 1901. ಗೌಸಿಯನ್ ಶೋಧನೆಯ ನಂತರ ಅದು ಸುಮಾರು 291ಕ್ಕೂ, ಮಧ್ಯಾಂಕ ಶೋಧನೆಯ ನಂತರ ಸುಮಾರು ಒಂದೂಕಾಲಿಗೂ ಇಳಿಯುತ್ತದೆ. ವಿಜಯ ಸ್ಪಷ್ಟವಾಗಿದೆ. ಈಗ ಹತ್ತು ಲಕ್ಷ ಬಿಂದುಗಳ ಆ ಚಿತ್ರದಲ್ಲಿ ಮೇಲೆ ಹೇಳಿದ ಒಂದು ಸೊನ್ನೆ ಅಳಿಯಿತೆನ್ನೋಣ. ಹನ್ನೆರಡು ಬಿಂದುಗಳಲ್ಲಿ 140ರ ಅಂತರ. ಅದರ ವರ್ಗ 19,600. ಹನ್ನೆರಡರಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ದೋಷಾಂಕಕ್ಕೆ ಸೇರುವುದು ಕಾಲಿಗಿಂತಲೂ ಕಡಿಮೆ. ನೂರು ಸೊನ್ನೆಗಳು ಅಳಿದರೂ ಮಧ್ಯಾಂಕ ಶೋಧಕದ ದೋಷಾಂಕ ಸುಮಾರು 25. 291ರೊಡನೆ ಹೋಲಿಸಿದರೆ ಇನ್ನೂ ಅದೇ ಗೆಲ್ಲುತ್ತದೆ. ಓಲೆಯ ಬಹುಭಾಗ ಖಾಲಿ ಜಾಗವಾಗಿರುವುದರಿಂದ ಈ ಅಳತೆಗೋಲು ಮುಖ್ಯವಾಗಿ ಖಾಲಿ ಜಾಗದ ನಿರ್ಮಲತೆಯನ್ನು ಅಳೆಯುತ್ತದೆ. ಓದಬೇಕಾದ ಬರಹ ಅದಕ್ಕೆ ಗೌಣ.

6. ಪರಿಹಾರವೂ ಪರೀಕ್ಷೆಯೂ

ಮೊದಲ ಭಾಗದಲ್ಲಿ ಹೇಳಿದ ಎರಡನೆಯ ಲಕ್ಷಣದಲ್ಲಿಯೇ ಪರಿಹಾರವಿದೆ. ಕೆಡದ ಬಿಂದುಗಳು ಸಂಪೂರ್ಣ ಶುದ್ಧವಾಗಿರುವಾಗ ಅವನ್ನು ಮುಟ್ಟುವುದೇಕೆ? ಬೆಲೆ ಸರಿಯಾಗಿ 0 ಅಥವಾ 255 ಇರುವ ಬಿಂದುಗಳನ್ನು ಮಾತ್ರ ಶಂಕಿತವೆಂದು ಗುರುತಿಸಿ, ಅವುಗಳಿಗೆ ಮಾತ್ರ ನೆರೆಯ ಮಧ್ಯಾಂಕವನ್ನು ಬರೆದು, ಉಳಿದುದನ್ನು ಯಥಾಸ್ಥಿತಿಯಲ್ಲಿ ಬಿಡುವುದು ಈ ಕ್ರಮ. ಸೊನ್ನೆಯ ಮಸಿ 40ರ ಬೆಲೆಯದಾದ್ದರಿಂದ ಅದು ಶಂಕೆಗೆ ಗುರಿಯಾಗುವುದಿಲ್ಲ. ಗೀರಿನ ಮೇಲೆಯೇ ಒಂದು ಉಪ್ಪಿನ ಚುಕ್ಕೆ ಬಿದ್ದಿದ್ದರೆ ಸೊನ್ನೆ ಅಷ್ಟರಮಟ್ಟಿಗೆ ತುಂಡಾಗಬಹುದು. ಹನ್ನೆರಡರಲ್ಲಿ ಹನ್ನೊಂದು ಉಳಿದು ಓದು ಕೆಡುವುದಿಲ್ಲ.

ಈ ಪರಿಹಾರವನ್ನು ವಿಫಲಗೊಳಿಸುವ ಎರಡು ತಪ್ಪುಗಳಿವೆ. ಅಕ್ಷರ ಎದ್ದುಕಾಣಲೆಂದು ಕಪ್ಪುಬಿಳುಪಿನ ಅಂತರವನ್ನು ಮೊದಲೇ ಹಿಗ್ಗಿಸಿದರೆ ಮಸಿಯೂ 0ಗೆ ಇಳಿದು ಕಳಂಕದೊಡನೆ ಏಕರೂಪವಾಗುತ್ತದೆ. ಆಮೇಲೆ ಇವೆರಡನ್ನೂ ಬೇರ್ಪಡಿಸಲಾಗದು. ಎರಡನೆಯದಾಗಿ, ಶೋಧನೆಗೆ ಮೊದಲೇ ಚಿತ್ರವನ್ನು ಜೆಪೆಗ್ ಮುಂತಾದ ಸಂಕೋಚನರೂಪದಲ್ಲಿ ಉಳಿಸಿದರೆ ಚುಕ್ಕೆಯ ಬೆಲೆ ನೆರೆಗೆ ಹರಡಿ, 0 ಇದ್ದುದು 0 ಆಗಿ ಉಳಿಯುವುದಿಲ್ಲ. ಆದುದರಿಂದ ಮೊದಲು ಮೂಲಚಿತ್ರದ ಶೋಧನೆ, ಅನಂತರವೇ ಉಳಿದ ಸಂಸ್ಕಾರಗಳು.

ನಮ್ಮ ಕೈಗೆ ಬಂದ ಛಾಯಾಪ್ರತಿಯಲ್ಲಿ ಬರಹ ಅಳಿದಿದೆಯೇ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟು. ಮೂಲಚಿತ್ರದಿಂದ ಶೋಧಿತ ಚಿತ್ರವನ್ನು ಬಿಂದುಬಿಂದುವಾಗಿ ಕಳೆದು, ಉಳಿಕೆಯನ್ನೇ ಒಂದು ಚಿತ್ರವಾಗಿ ತೋರಿಸುವಂತೆ ಕೇಳಬೇಕು. ತೆಗೆದುಹಾಕಿದುದೆಲ್ಲವೂ ಅಲ್ಲಿ ಕಾಣುತ್ತದೆ. ಅದು ಕೇವಲ ಚದುರಿದ ಚುಕ್ಕೆಗಳ ಸಮೂಹವಾಗಿದ್ದರೆ ಶೋಧನೆ ನಿರ್ದೋಷ. ಅದರಲ್ಲಿ ಸಾಲುಸಾಲಾಗಿ ಸೊನ್ನೆಗಳೋ, ಗೀರಿನ ತುದಿಗಳೋ, ಅಕ್ಷರದ ನೆರಳೋ ಕಂಡರೆ ಬರಹವೂ ಕಳಂಕದೊಡನೆ ಹೋಗಿದೆಯೆಂದು ನಿಶ್ಚಯಿಸಬೇಕು.

ಇನ್ನೊಂದು ಮಾತು. ಓಲೆಯ ಮೇಲೆ ನಾವು ನಿತ್ಯವೂ ಕಾಣುವ ಹುಳುತೂತು, ಬೂಷ್ಟಿನ ಮಚ್ಚೆ, ಎಣ್ಣೆಯ ಕಲೆ ಇವು ಉಪ್ಪು-ಮೆಣಸಿನ ಕಳಂಕಗಳಲ್ಲ. ಅಂಗುಲಕ್ಕೆ 300 ಬಿಂದುಗಳ ಚಿತ್ರದಲ್ಲಿ ಒಂದು ಮಿಲಿಮೀಟರಿನ ಹುಳುತೂತು ಸುಮಾರು ಹನ್ನೆರಡು ಬಿಂದುಗಳಷ್ಟು ಅಗಲ. ಮೂರು ಮನೆಯ ಕಿಂಡಿ ಅದನ್ನು ಏನೂ ಮಾಡಲಾರದು. ಅದನ್ನು ಅಳಿಸುವಷ್ಟು ದೊಡ್ಡ ಕಿಂಡಿಯು ಅಕ್ಷರಗಳನ್ನೇ ಅಳಿಸುತ್ತದೆ. ಅಲ್ಲದೆ ಅವು ಓಲೆಯ ಮೇಲೆ ನಿಜವಾಗಿ ಇರುವ ವಸ್ತುಗಳಾಗಿದ್ದು, ಪ್ರತಿಯ ಇತಿಹಾಸಕ್ಕೆ ಸಾಕ್ಷಿಗಳು. ಹಳೆಯ ಮೈಕ್ರೋಫಿಲ್ಮುಗಳನ್ನು ಅಂಕೀಯವಾಗಿ ಪರಿವರ್ತಿಸುವಾಗ ಬೀಳುವ ಒಂದೆರಡು ಬಿಂದುಗಳಷ್ಟರ ಧೂಳಿನ ಚುಕ್ಕೆಗಳಿಗೆ ಮಾತ್ರ ಪ್ರಯೋಗದ ನಿರ್ಣಯ ಸಮೀಪದಲ್ಲಿ ಅನ್ವಯಿಸುತ್ತದೆ. ಅಲ್ಲಿಯೂ ಧೂಳಿನ ಬೆಲೆ 0 ಅಥವಾ 255ಕ್ಕೆ ಮುಟ್ಟದಿದ್ದರೆ ಶಂಕಿತಬಿಂದುಗಳ ವಿಧಾನ ಕೆಲಸಕ್ಕೆ ಬಾರದು.

7. ಉಪಸಂಹಾರದ ಪರಿಷ್ಕೃತ ಪಾಠ

ಮೇಲಿನ ವಿಚಾರಗಳನ್ನು ಅನುಸರಿಸಿ ಆ ಉಪಸಂಹಾರವಾಕ್ಯವನ್ನು ಹೀಗೆ ತಿದ್ದಿ ಓದಬಹುದು: 'ಚಿತ್ರಬಿಂದುಗಳಲ್ಲಿ ಶೇಕಡಾ 20ಕ್ಕಿಂತ ಕಡಿಮೆ ಬಿಂದುಗಳು 0 ಅಥವಾ 255 ಆಗಿ ಕೆಟ್ಟು, ಉಳಿದವು ಶುದ್ಧವಾಗಿದ್ದು, ಬರಹದ ಅತಿ ತೆಳುವಾದ ಗೀರು ಕಿಂಡಿಯ ಅಗಲದ ಅರ್ಧಕ್ಕಿಂತ ದಪ್ಪವಾಗಿರುವಲ್ಲಿ, ಮಧ್ಯಾಂಕ ಶೋಧಕವು ಗೌಸಿಯನ್ ಶೋಧಕಕ್ಕಿಂತ ಉತ್ತಮವಾದುದು. ಗೀರು ಅದಕ್ಕಿಂತ ತೆಳುವಾಗಿರುವಲ್ಲಿ ಮಧ್ಯಾಂಕ ಶೋಧಕವನ್ನು ಶಂಕಿತ ಬಿಂದುಗಳಿಗೆ ಮಾತ್ರ ಅನ್ವಯಿಸತಕ್ಕದ್ದು.' ವಾಕ್ಯ ಉದ್ದವಾಯಿತು. 'ಸ್ಯಾತ್' ಶಬ್ದದ ಅರ್ಥವನ್ನು ಬಲ್ಲವರು ಈ ದೀರ್ಘತೆಯನ್ನು ದೋಷವೆಂದು ಎಣಿಸರೆಂದು ನಂಬುತ್ತೇನೆ.

ಗ್ರಂಥಭಂಡಾರಗಳಿಂದ ಛಾಯಾಪ್ರತಿಯನ್ನು ಪಡೆಯುವ ವಿದ್ವಾಂಸರು ಶೋಧಿತ ಚಿತ್ರದೊಡನೆ ಮೂಲಚಿತ್ರವನ್ನೂ, ಚಿತ್ರದ ಸಾಂದ್ರತೆ, ಶೋಧಕದ ಹೆಸರು ಮತ್ತು ಕಿಂಡಿಯ ಅಳತೆಗಳನ್ನೂ ಕೇಳಿ ಪಡೆಯಬೇಕು. ಶೋಧಿತ ಚಿತ್ರವನ್ನು ಓದಿನ ಸೌಕರ್ಯಕ್ಕೆ ಬಳಸಲಿ. ಸೊನ್ನೆಯ ಇರವನ್ನು ಆಶ್ರಯಿಸಿದ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸುವ ಮೊದಲು ಮಾತ್ರ ಮೂಲಚಿತ್ರವನ್ನು, ಸಾಧ್ಯವಿದ್ದಲ್ಲಿ ಓಲೆಯನ್ನೇ, ಒಮ್ಮೆ ನೋಡತಕ್ಕದ್ದು.